‘ಕೈಂಡ್ಲಿ ಡೂ ದ ನೀಡ್‌ಫುಲ್’ ಬದಲು ಏನು ಬರೆಯಬೇಕು?

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಎಲ್ಲ ಮೇಲ್‌ಗಳ ಕೊನೆಗೂ ‘ಕೈಂಡ್ಲಿ ಡೂ ದ ನೀಡ್‌ಫುಲ್’ ಅಂತ ಬರೀತಾರೆ. ಅದರ ಬದಲು ಏನು ಬರೆಯಬಹುದು? ನೇರವಾಗಿ ಬರೆದರೆ ದೊಡ್ಡವರಿಗೆ ಒರಟು ಅನ್ನಿಸುವುದಿಲ್ಲವೇ?

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಈ ವಾಕ್ಯವನ್ನು ನಾನೂ ವರ್ಷಗಟ್ಟಲೆ ಬರೆದಿದ್ದೇನೆ. ಬಿಟ್ಟದ್ದು ಒಂದು ಬಿಲ್ಲಿನಿಂದಾಗಿ.

ಸೊಲ್ಲಾಪುರದ ಅಂಗಡಿಯೊಂದರಿಂದ ಯಂತ್ರದ ಬೆಲ್ಟುಗಳನ್ನು ತರಿಸಿದ್ದೆವು. ಜೂನ್ 18ರ ಆ ಬಿಲ್ಲಿನಲ್ಲಿ 24,000 ರೂಪಾಯಿಯ ಮಾಲು, ಅದರ ಮೇಲೆ 4,320 ರೂಪಾಯಿ ತೆರಿಗೆ ಇತ್ತು. ನಮ್ಮ ಜಿಎಸ್‌ಟಿ ನಂಬರ್ ಮಾತ್ರ ಇರಲಿಲ್ಲ. ಜುಲೈ 2ರಂದು ನಾನು ಬಿಲ್ಲನ್ನು ಲಗತ್ತಿಸಿ, ‘ನಂಬರ್ ವಿಷಯ ಗಮನಿಸಿ, ಕೈಂಡ್ಲಿ ಡೂ ದ ನೀಡ್‌ಫುಲ್ ಅಟ್ ದಿ ಅರ್ಲಿಯೆಸ್ಟ್’ ಎಂದು ಬರೆದೆ. ಅವರು ಬಿಲ್ ನಂಬರಿನ ಮಾತೆಂದು ತಿಳಿದು ಅದೇ ಬಿಲ್ಲಿನ ಸ್ಪಷ್ಟ ಪ್ರತಿಯನ್ನು ಮತ್ತೆ ಕಳಿಸಿದರು. ಜುಲೈ 11ಕ್ಕೆ ಅವರ ಮಾರಾಟದ ವಿವರಗಳಿರುವ GSTR-1 ಸಲ್ಲಿಕೆಯಾಯಿತು; ಖರೀದಿಯಲ್ಲಿ ಕೊಟ್ಟ ತೆರಿಗೆಗೆ ನಮಗೆ ಸಿಗುವ ಕ್ರೆಡಿಟ್ ತೋರಿಸುವ, 14ರಂದು ಬಂದ ನಮ್ಮ GSTR-2Bಯಲ್ಲಿ ಆ ಬಿಲ್ ಕಾಣಲಿಲ್ಲ. ಅವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಏನು ಮಾಡಬೇಕೆಂದು ನಾನು ಎಲ್ಲಿಯೂ ಹೇಳಿರಲಿಲ್ಲ.

ಇಂದಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಜೂನ್ 18ರ ನಿಮ್ಮ ಬಿಲ್ಲಿನಲ್ಲಿ ನಮ್ಮ ಜಿಎಸ್‌ಟಿ ನಂಬರ್ ಬಿಟ್ಟುಹೋಗಿದೆ, ನಂಬರ್ ಕೆಳಗಿದೆ. ದಯವಿಟ್ಟು ತಿದ್ದಿದ ಬಿಲ್ಲನ್ನು ಜುಲೈ 5ರೊಳಗೆ ಕಳಿಸಿ, GSTR-1ರಲ್ಲಿ ಅದನ್ನು ಈ ನಂಬರಿನಡಿ ತೋರಿಸಿ. 11ರೊಳಗೆ ಆಗದಿದ್ದರೆ 4,320 ರೂಪಾಯಿಯ ಕ್ರೆಡಿಟ್ ನಮಗೆ ಈ ತಿಂಗಳು ಸಿಗುವುದಿಲ್ಲ.’ ಇಂಗ್ಲಿಷಿನಲ್ಲಿ ಬರೆಯುವಾಗಲೂ ಇದೇ ಕ್ರಮ: ‘ಪ್ಲೀಸ್ ಸೆಂಡ್ ದ ಕರೆಕ್ಟೆಡ್ ಬಿಲ್ ಬೈ 5 ಜುಲೈ’. ಕಳಿಸುವ ಮುನ್ನ ನಾನು ಒಂದು ಪರೀಕ್ಷೆ ಮಾಡುತ್ತೇನೆ: ಲಗತ್ತನ್ನು ತೆರೆಯದೆಯೇ ಓದುವವರಿಗೆ ತಮ್ಮ ಕೆಲಸ ಗೊತ್ತಾಗುತ್ತದೆಯೇ? ಗೊತ್ತಾಗದಿದ್ದರೆ ಕ್ರಿಯಾಪದವನ್ನು ಬದಲಿಸುತ್ತೇನೆ. ಕಳಿಸಿ, ತಿದ್ದಿ, ಸಹಿ ಮಾಡಿ, ಹಣ ಹಾಕಿ, ಇವುಗಳಲ್ಲಿ ಒಂದು ಬಂದೇ ಬರುತ್ತದೆ.

ಇನ್ನು ಒರಟುತನದ ಮಾತು. ‘ದಯವಿಟ್ಟು’ ಎಂಬ ಪದವೂ, ‘ಕಳಿಸಿ’ ಎಂಬ ಬಹುವಚನವೂ ಗೌರವವನ್ನು ಹೇಳಿಯೇ ಇರುತ್ತವೆ. ಗಡುವಿನ ಕಾರಣವನ್ನೂ ಹೇಳಿದರೆ ಅದು ಅಪ್ಪಣೆಯಂತೆ ಕೇಳಿಸುವುದಿಲ್ಲ. ಮೇಲಧಿಕಾರಿಗೆ ಬರೆಯುವಾಗ ಮಾತ್ರ ನಾನು ರೂಪ ಬದಲಿಸುತ್ತೇನೆ, ಏಕೆಂದರೆ ಅಲ್ಲಿ ನಿರ್ಧಾರ ಅವರದು. ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎನ್ನುವ ಬದಲು, ‘ಬಿಲ್ ತಿದ್ದಿ ಬರುವವರೆಗೆ ಹಣ ತಡೆಹಿಡಿಯಲೇ, ಅಥವಾ ತೆರಿಗೆ ಬಿಟ್ಟು ಉಳಿದದ್ದನ್ನು ಕೊಡಲೇ? ಸೋಮವಾರದೊಳಗೆ ತಿಳಿಸಿದರೆ ಪಾವತಿಯ ಪಟ್ಟಿಯಲ್ಲಿ ಸೇರಿಸುತ್ತೇನೆ, ಸರ್’ ಎಂದು ಕೇಳುತ್ತೇನೆ. ಹಾಗೆ ಬರೆದ ಮೇಲ್‌ಗಳಿಗೆ ನಮ್ಮ ಮಾಲೀಕರು ಹೆಚ್ಚಾಗಿ ಒಂದೇ ಸಾಲಿನಲ್ಲಿ, ಅದೇ ದಿನ ಉತ್ತರಿಸುತ್ತಾರೆ.