ಅಧಿಕಾರದ ಮೂರು ಮುಖಗಳು

ಪ್ರಶ್ನೆ: ಜನರಲ್ಲಿ ದೂರೇ ಹುಟ್ಟದಂತೆ ಮಾಡುವುದು ಅಧಿಕಾರದ ಮೂರನೇ ಮುಖ, ಅದು ಕಣ್ಣಿಗೇ ಕಾಣದು ಅಂತಾರೆ. ಹಾಗಾದರೆ ಅದನ್ನು ಪತ್ತೆ ಹಚ್ಚುವುದು ಹೇಗೆ?

ಒಂದೇ ತೊಂದರೆಯಿದ್ದ ಎರಡು ಊರುಗಳನ್ನು ಹೋಲಿಸಿ. ಅಮೆರಿಕದ ಈಸ್ಟ್ ಶಿಕಾಗೊ ಮತ್ತು ಗ್ಯಾರಿ ಅಕ್ಕಪಕ್ಕದ ಉಕ್ಕಿನ ಊರುಗಳು. ಹೊಗೆ ತಡೆಯಲು ಮೊದಲನೆಯದು 1949ರಲ್ಲೇ ಕಾನೂನು ತಂದಿತು, ಗ್ಯಾರಿ 1962ರಲ್ಲಿ.

ಬಹಿರಂಗ ತೀರ್ಮಾನದಲ್ಲಿ ಗೆಲ್ಲುವುದು ಮೊದಲ ಮುಖ. ಅದನ್ನಷ್ಟೇ ಹುಡುಕಿದರೆ ಗ್ಯಾರಿಯ ಆ ವರ್ಷಗಳಲ್ಲಿ ಏನೂ ಸಿಗದು, ಏಕೆಂದರೆ ಸೋತವರೇ ಇಲ್ಲ. ಊರಿಗೆ ಆಧಾರವಾಗಿದ್ದ ಯುಎಸ್ ಸ್ಟೀಲ್ ಕಂಪನಿ ಹೌದು, ಅಲ್ಲ ಎರಡನ್ನೂ ಹೇಳಲಿಲ್ಲ. ಅದು ಮುನಿದೀತೆಂದು ಬಲ್ಲವರು ಬಾಯಿ ಬಿಡದೆ, ವಿಷಯ ಚರ್ಚೆಗೇ ಬಾರದಿದ್ದರೆ ಅದು ಎರಡನೇ ಮುಖ. ‘ಹೊಗೆ ಇದ್ದರೇ ಕೆಲಸ’ ಎಂದು ದೂರೇ ಹುಟ್ಟದಿದ್ದರೆ ಮೂರನೆಯದು.

ಇಲ್ಲೊಂದು ತೊಡಕಿದೆ: ಕೂಲಿಗಾಗಿ ಜನ ಹೊಗೆಯನ್ನು ತಿಳಿದೇ ಸಹಿಸಿದರೋ ಎಂಬುದನ್ನು ಹೋಲಿಕೆಯೊಂದೇ ಹೇಳಲಾರದು.