ಫಿಟ್‌ನೆಸ್ ವರದಿಯಲ್ಲಿ ಕಾಯಿಲೆಯ ಹೆಸರು ಇರಬೇಕಾ?

ಬೈಕಂಪಾಡಿ ಕಡೆಯ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವರು ಇವರು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಖಿನ್ನತೆಗೆ ಚಿಕಿತ್ಸೆ ಪಡೆದು, ಆರು ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳುವವರಿದ್ದರು. ಎಚ್‌ಆರ್‌ನವರು ಕಂಪನಿಯ ಡಾಕ್ಟರ ಹತ್ತಿರ ಫಿಟ್‌ನೆಸ್ ತಪಾಸಣೆ ಮಾಡಿಸಲು ಹೇಳಿದರು. ಜೊತೆಗೆ ಡಿಸ್ಚಾರ್ಜ್ ಸಮ್ಮರಿ, ಮಾತ್ರೆ ಚೀಟಿಯನ್ನೂ ಆಫೀಸಿಗೆ ಕೊಡಿ ಎಂದರು.

"ಕೊಟ್ಟರೆ ಇಡೀ ಶಿಫ್ಟಿಗೆ ಗೊತ್ತಾಗ್ತದೆ. ಡಾಕ್ಟರ ಹತ್ತಿರವೂ ಸುಮ್ನೆ ಜ್ವರ ಅಂತ ಹೇಳ್ತೇನೆ ಮೇಡಂ."

ನನಗೆ ಹೆಚ್ಚು ಚಿಂತೆಯಾದದ್ದು ಈ ಎರಡನೇ ಮಾತು. ರಾತ್ರಿ ತೆಗೆದುಕೊಳ್ಳುವ ಮಾತ್ರೆಯಿಂದ ಬೆಳಿಗ್ಗೆ ಒಂಬತ್ತರವರೆಗೂ ಅವರಿಗೆ ಮಂಪರು ಇರುತ್ತಿತ್ತು. ಮೊದಲ ಶಿಫ್ಟ್ ಆರಕ್ಕೇ ಶುರು. ಡಾಕ್ಟರಿಗೆ ಇದು ತಿಳಿಯದಿದ್ದರೆ ಫೋರ್ಕ್‌ಲಿಫ್ಟ್ ಓಡಿಸಲು ಒಪ್ಪಿಗೆ ಕೊಟ್ಟುಬಿಡುತ್ತಾರೆ. ಆಗ ಅವರಿಗೂ ಅಪಾಯ, ಪಕ್ಕದಲ್ಲಿ ನಡೆದು ಹೋಗುವವರಿಗೂ ಅಪಾಯ.

ಹಾಗಾಗಿ ಹೇಳಿದೆ: ಡಾಕ್ಟರಿಗೆ ಎಲ್ಲ ಹೇಳಿ, ಮಾತ್ರೆ ಚೀಟಿಯನ್ನೂ ಅವರಿಗೇ ತೋರಿಸಿ. ಅವರು ಕಂಪನಿಗೆ ಹೇಳಬೇಕಾದ್ದು ಸ್ವಲ್ಪವೇ. ಕೆಲಸಕ್ಕೆ ಯೋಗ್ಯರೇ, ಏನು ಮಾಡಬಾರದು, ಎಷ್ಟು ದಿನದ ಮಟ್ಟಿಗೆ, ಮರುತಪಾಸಣೆ ಯಾವಾಗ. ಕಾಯಿಲೆಯ ಹೆಸರು, ಔಷಧಿ, ಮನೆಯ ವಿಚಾರ ಅವರ ಕಡತದಲ್ಲೇ ಉಳಿಯಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆಯ ಮಾಹಿತಿ ಗುಟ್ಟಾಗಿರಬೇಕು ಎನ್ನುತ್ತದೆ. ಗುಟ್ಟಿಗೂ ಮಿತಿ ಉಂಟು. ಬೇರೆಯವರಿಗೆ ಹಾನಿಯಾಗುವುದನ್ನು ತಡೆಯಲು ಅಥವಾ ಕೋರ್ಟ್ ಆದೇಶಿಸಿದರೆ, ಬೇಕಾದಷ್ಟನ್ನು ಮಾತ್ರ ತಿಳಿಸಬಹುದು.

ತಪಾಸಣೆಗೆ ಮೊದಲು ಸಹಿ ಹಾಕಬೇಕಿದ್ದ ಒಪ್ಪಿಗೆ ಪತ್ರ ತರಲು ಹೇಳಿ ನಾವಿಬ್ಬರೂ ಓದಿದೆವು. "ನನ್ನ ಎಲ್ಲ ವೈದ್ಯಕೀಯ ದಾಖಲೆಗಳನ್ನು ಕಂಪನಿಗೆ ಕೊಡಲು ಒಪ್ಪಿದ್ದೇನೆ" ಎಂದಿತ್ತು. ಇಂಥ ಸಾಲಿಗೆ ಕಣ್ಣುಮುಚ್ಚಿ ಸಹಿ ಹಾಕುವವರೇ ಜಾಸ್ತಿ. ಅದನ್ನು ಹೊಡೆದುಹಾಕಿ, "ಕೆಲಸದ ಯೋಗ್ಯತೆ ಮತ್ತು ನಿರ್ಬಂಧಗಳ ವರದಿ ಮಾತ್ರ" ಎಂದು ಬರೆದು ಸಹಿ ಮಾಡಿದರು. ಎಚ್‌ಆರ್‌ಗೆ ಒಂದು ಪತ್ರವನ್ನೂ ಕೊಟ್ಟರು: ತಪಾಸಣೆಗೆ ಸಿದ್ಧನಿದ್ದೇನೆ, ಚಿಕಿತ್ಸೆಯ ಕಾಗದಗಳನ್ನು ಡಾಕ್ಟರಿಗೆ ತೋರಿಸುತ್ತೇನೆ. ಬರೀ "ಕೊಡುವುದಿಲ್ಲ" ಎಂದರೆ ತಪಾಸಣೆಗೇ ಒಪ್ಪದವರಂತೆ ಕಾಣುತ್ತದೆ, ಅಲ್ವಾ?

ನಿರ್ಬಂಧದ ಮಾತಿನಿಂದಲೂ ಗುಟ್ಟು ಸೋರಬಹುದು. "ಮನೋವೈದ್ಯರ ಮಾತ್ರೆ ಇರುವುದರಿಂದ" ಎಂದು ಬರೆದರೆ ಮುಗಿಯಿತು. ವರದಿ ಕೈಗೆ ಬಂದಾಗ ಓದಿ, ಕಾರಣ ಬರೆದಿದ್ದರೆ ತೆಗೆಸಿ ಎಂದಿದ್ದೆ. ಬಂದ ವರದಿ ಹೀಗಿತ್ತು: "ನಿರ್ಬಂಧಗಳೊಂದಿಗೆ ಯೋಗ್ಯರು. ನಾಲ್ಕು ವಾರ ಚಲಿಸುವ ಯಂತ್ರ ಓಡಿಸಬಾರದು, ಎತ್ತರದಲ್ಲಿ ಕೆಲಸ ಮಾಡಬಾರದು. ನಂತರ ಮರುತಪಾಸಣೆ."

ಆ ನಾಲ್ಕು ವಾರ ಬೇರೆ ಯಾವ ಕೆಲಸ ಕೊಡುವುದು ಎಂಬುದು ಕಂಪನಿಯ ತೀರ್ಮಾನ, ಡಾಕ್ಟರದ್ದಲ್ಲ. ಅವರನ್ನು ಸ್ಟಾಕ್ ಲೆಕ್ಕಕ್ಕೆ ಹಾಕಿದರು. ಸೂಪರ್‌ವೈಸರ್ ಕಾರಣ ಕೇಳಿದಾಗ, "ನಿರ್ಬಂಧ ಏನೆಂದು ಎಚ್‌ಆರ್‌ ಹತ್ತಿರ ಉಂಟು ಸರ್, ಅಷ್ಟೇ" ಎಂದರಂತೆ. ಮಂಪರಿನ ವಿಷಯವನ್ನು ಮನೋವೈದ್ಯರಿಗೆ ಹೇಳಿ, ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ಕೇಳಲು ತಿಳಿಸಿದ್ದೇನೆ. ಮರುತಪಾಸಣೆಗೆ ಮೊದಲೇ ಅದಾಗಬೇಕು.