ಹಂಚಿದ ಮಾತ್ರಕ್ಕೆ ಕಡತ ಟ್ರಸ್ಟಿನದಾಗುವುದಿಲ್ಲ

ಪ್ರಶ್ನೆ: ನಮ್ಮದು ಒಂಬತ್ತು ಜನರ ಸಣ್ಣ ಟ್ರಸ್ಟ್. ದಾನಿಗಳ ಪಟ್ಟಿ, ರಸೀದಿ, ಸಭೆಯ ನಡಾವಳಿ ಎಲ್ಲವೂ ಖಜಾಂಚಿಯವರ ಸ್ವಂತ ಜಿಮೇಲ್ ಖಾತೆಯ ಡ್ರೈವ್‌ನಲ್ಲಿವೆ. ನಮಗೆಲ್ಲ ಹಂಚಿದ್ದಾರೆ. ಜಾಗ ತುಂಬಿದೆ, ಮುಂದಿನ ತಿಂಗಳು ಅವರು ಹುದ್ದೆಯನ್ನೂ ಬಿಡುತ್ತಿದ್ದಾರೆ. ಹೆಚ್ಚಿನ ಜಾಗ ಕೊಂಡರೆ ಸಾಕೇ, ಬಿಸಿನೆಸ್ ಪ್ಲಾನ್ ಬೇಕೇ?

ಉತ್ತರ: ಜಾಗವನ್ನು ಸದ್ಯ ಮರೆತುಬಿಡಿ. ಈ ಪ್ರಶ್ನೆ ನನಗೆ ಎಷ್ಟು ಬಾರಿ ಬಂದಿದೆಯೋ ಅಷ್ಟೂ ಬಾರಿ ಕೇಳುವವರು ಗಿಗಾಬೈಟ್ ಲೆಕ್ಕ ಹಾಕುತ್ತಿರುತ್ತಾರೆ. ಕಡತ ಯಾರದು ಎಂದು ಒಬ್ಬರೂ ಕೇಳುವುದಿಲ್ಲ. ನಿಮ್ಮ ದಾನಿಗಳ ಪಟ್ಟಿ ಇಂದು ಟ್ರಸ್ಟಿನ ಸ್ವತ್ತಲ್ಲ. ಗೂಗಲ್‌ನ ಕಣ್ಣಿಗೆ ಅದು ಖಜಾಂಚಿಯವರ ಸ್ವಂತ ವಸ್ತು, ನೀವೆಲ್ಲ ಅವರ ಅನುಮತಿಯಿಂದ ನೋಡುತ್ತಿರುವ ಅತಿಥಿಗಳು.

ವೈಯಕ್ತಿಕ ಖಾತೆಯ ನಿಯಮ ಸರಳ. ಕಡತವನ್ನು ಸೃಷ್ಟಿಸಿದವರೇ ಅದರ ಮಾಲೀಕರು. ಅವರು ಹಂಚಿಕೆ ಹಿಂಪಡೆದರೆ ನಿಮ್ಮ ಪರದೆಯಿಂದ ಕಡತ ಮಾಯವಾಗುತ್ತದೆ, ಖಾತೆ ಅಳಿಸಿದರೆ ಕಡತವೂ ಅಳಿಯುತ್ತದೆ. ಜಗಳವೇ ಆಗಬೇಕೆಂದಿಲ್ಲ. ಎರಡು ವರ್ಷ ಬಳಸದೇ ಬಿಟ್ಟ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು ಎಂಬ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಇನ್ನೊಂದು ಮಾತು ಬಹಳ ಜನರಿಗೆ ತಿಳಿದಿಲ್ಲ: ಖಜಾಂಚಿಯವರ ಫೋಲ್ಡರಿನೊಳಗೆ ಕಾರ್ಯದರ್ಶಿ ಹೊಸ ಕಡತ ಮಾಡಿದರೆ ಅದರ ಮಾಲೀಕರು ಕಾರ್ಯದರ್ಶಿಯೇ, ಫೋಲ್ಡರಿನವರಲ್ಲ. ಹಾಗಾಗಿ ನಿಮ್ಮ ದಾಖಲೆಗಳು ಒಬ್ಬರ ಹೆಸರಿನಲ್ಲೂ ಇರಲಿಕ್ಕಿಲ್ಲ, ನಾಲ್ಕೈದು ಜನರ ಹೆಸರಿನಲ್ಲಿ ಚದುರಿರಬಹುದು. ಡ್ರೈವ್‌ನ ಹುಡುಕು ಪಟ್ಟಿಯಲ್ಲಿ ಒಬ್ಬೊಬ್ಬರ ವಿಳಾಸವನ್ನೂ ಹೀಗೆ ಹಾಕಿ ನೋಡಿ:

```
owner:khajanchi@gmail.com
```

ವಿಳಾಸದ ಜಾಗದಲ್ಲಿ ನಿಮ್ಮವರ ನಿಜವಾದ ವಿಳಾಸವಿರಲಿ. ಯಾವ ಕಡತ ಯಾರ ಹೆಸರಿನಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಪ್ಲಾನ್ ಕೊಳ್ಳುವ ಮೊದಲು ಆಗಬೇಕಾದ ಕೆಲಸ ಇದೇ.

ಹೆಚ್ಚಿನ ಜಾಗ ಕೊಡುವ ಗೂಗಲ್ ಒನ್ ಈ ಗಂಟನ್ನು ಬಿಡಿಸುವುದಿಲ್ಲ. ಅದನ್ನು ಇನ್ನೂ ಐದು ಜನ ಕುಟುಂಬದವರೊಂದಿಗೆ ಹಂಚಿಕೊಳ್ಳಬಹುದು ನಿಜ, ಆದರೆ ಹಂಚುವುದು ಜಾಗವನ್ನು ಮಾತ್ರ. ಹಣ ಕಟ್ಟಿದವರಿಗೆ ಉಳಿದವರ ಕಡತದ ಮೇಲೆ ಯಾವ ಅಧಿಕಾರವೂ ಬರುವುದಿಲ್ಲ: ಪಾಸ್‌ವರ್ಡ್ ಬದಲಿಸಲಾಗದು, ಕಡತ ವರ್ಗಾಯಿಸಲಾಗದು, ಬಿಟ್ಟುಹೋದವರ ಖಾತೆ ತಡೆಹಿಡಿಯಲಾಗದು. ನಿಮಗೆ ಬೇಕಿರುವುದು ಈ ಮೂರೂ. ಆದ್ದರಿಂದ ಬಿಸಿನೆಸ್ ಪ್ಲಾನ್ ಬೇಕು. ಗೂಗಲ್‌ನಲ್ಲಿ ಅದರ ಹೆಸರು ವರ್ಕ್‌ಸ್ಪೇಸ್.

ಒಂಬತ್ತು ಜನರಿಗೂ ಒಂಬತ್ತು ಖಾತೆ ಕೊಳ್ಳಲು ಮಾತ್ರ ಹೋಗಬೇಡಿ. ನಿತ್ಯ ಕೆಲಸ ಮಾಡುವವರು ಯಾರು? ಕಾರ್ಯದರ್ಶಿ, ಖಜಾಂಚಿ, ಕಚೇರಿ ಸಹಾಯಕರು, ಮೂರು ಖಾತೆ. ನಡಾವಳಿ ಓದುವುದಷ್ಟೇ ಕೆಲಸವಿರುವ ಅಧ್ಯಕ್ಷರಿಗೂ ಐವರು ಧರ್ಮದರ್ಶಿಗಳಿಗೂ ಅವರವರ ಸ್ವಂತ ಖಾತೆಗೆ ಹೊರಗಿನಿಂದ ಓದುವ ಅನುಮತಿ ಕೊಟ್ಟರೆ ಸಾಕು. ಹುದ್ದೆ ಮುಗಿದ ದಿನ ಆ ಅನುಮತಿಯನ್ನು ತೆಗೆದುಹಾಕಬಹುದು. ನಿಮ್ಮದು ನೋಂದಾಯಿತ ಸೇವಾ ಟ್ರಸ್ಟ್ ಆಗಿದ್ದರೆ ಇನ್ನೂ ಒಳ್ಳೆಯದು, ಗೂಗಲ್ ಫಾರ್ ನಾನ್‌ಪ್ರಾಫಿಟ್ಸ್ ಮೂಲಕ ಅರ್ಹ ಸಂಸ್ಥೆಗಳಿಗೆ ವರ್ಕ್‌ಸ್ಪೇಸ್ ಉಚಿತವಾಗಿ ಸಿಗುತ್ತದೆ. ಹಣ ಕಟ್ಟುವ ಮೊದಲು ಅಲ್ಲಿ ಅರ್ಜಿ ಹಾಕಿ. ಪರಿಶೀಲನೆಗೆ ಸಮಯ ಹಿಡಿಯುತ್ತದೆ, ಮುಂದಿನ ತಿಂಗಳವರೆಗೆ ಕಾಯಬೇಡಿ.

ಖಾತೆ ತೆರೆಯಲು ಟ್ರಸ್ಟಿನದೇ ಒಂದು ಡೊಮೇನ್ ಹೆಸರು, ಅಂದರೆ ಮೇಲ್ ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರು, ಬೇಕು. ಅದನ್ನು ಟ್ರಸ್ಟಿನ ಹೆಸರಿನಲ್ಲಿಯೇ ನೋಂದಾಯಿಸಿ. ಡೊಮೇನ್ ಕೈತಪ್ಪಿದರೆ ಅದರ ಮೇಲೆ ಕಟ್ಟಿದ ಮೇಲ್ ಅಷ್ಟೂ ಕೈತಪ್ಪುತ್ತದೆ. ನಾನು ನೆರವಾಗಲು ಹೋಗಿದ್ದ ಒಂದು ಸಂಸ್ಥೆಯಲ್ಲಿ ಹಳೆಯ ಸ್ವಯಂಸೇವಕರೊಬ್ಬರು ಅದನ್ನು ತಮ್ಮ ಸ್ವಂತ ಮೇಲ್ ವಿಳಾಸಕ್ಕೆ ನೋಂದಾಯಿಸಿದ್ದರು. ನವೀಕರಣದ ಸೂಚನೆಗಳು ಯಾರೂ ತೆರೆಯದ ಆ ಪೆಟ್ಟಿಗೆಗೆ ಹೋದವು, ಅವಧಿ ಮುಗಿಯಿತು, ಒಂದು ಬೆಳಿಗ್ಗೆ ಯಾರಿಗೂ ಮೇಲ್ ಬರುವುದು ನಿಂತಿತು. ಮರಳಿ ಪಡೆಯುವಷ್ಟರಲ್ಲಿ ನಾವೆಲ್ಲ ಹೈರಾಣಾಗಿದ್ದೆವು. ಅಂದಿನಿಂದ ನಾನು ಎಲ್ಲರನ್ನೂ ಮೊದಲು ಕೇಳುವುದು ಡೊಮೇನ್ ಯಾರ ಹೆಸರಿನಲ್ಲಿದೆ ಎಂದು.

ಇನ್ನು ಕಡತಗಳ ಜಾಗ. ವರ್ಕ್‌ಸ್ಪೇಸ್‌ನಲ್ಲಿಯೂ ಪ್ರತಿಯೊಬ್ಬರಿಗೆ My Drive ಇರುತ್ತದೆ. ಟ್ರಸ್ಟಿನ ದಾಖಲೆಗಳನ್ನು ಅಲ್ಲಿ ಇಡಬೇಡಿ, Shared drives ಎಂಬಲ್ಲಿ ಇಡಿ. ಅಲ್ಲಿರುವ ಕಡತಕ್ಕೆ ವ್ಯಕ್ತಿ ಮಾಲೀಕರಲ್ಲ, ಸಂಸ್ಥೆ ಮಾಲೀಕ. ಸೃಷ್ಟಿಸಿದವರು ಹೋದರೂ ಅದು ಕದಲುವುದಿಲ್ಲ. ನೀವು ಆರಿಸುವ ಪ್ಲಾನಿನಲ್ಲಿ ಈ ಸೌಲಭ್ಯ ಇದೆಯೇ ಎಂದು ಕೊಳ್ಳುವ ಮೊದಲು ಖಚಿತಪಡಿಸಿಕೊಳ್ಳಿ. ಇಲ್ಲದ ಪ್ಲಾನ್ ಎಷ್ಟೇ ಅಗ್ಗವಾಗಿದ್ದರೂ ನಿಮ್ಮ ಕೆಲಸಕ್ಕೆ ಬಾರದು. ಕಚೇರಿ ಸಹಾಯಕರಿಗೆ Contributor ಎಂಬ ಮಟ್ಟದ ಅನುಮತಿ ಕೊಡಿ. ಅವರು ಕಡತ ಸೇರಿಸಬಹುದು, ತಿದ್ದಬಹುದು, ಆದರೆ ಕಸದ ಬುಟ್ಟಿಗೆ ಹಾಕಲಾಗದು. ಶಾಶ್ವತವಾಗಿ ಅಳಿಸುವ ಅಧಿಕಾರ Manager ಆದವರಿಗೆ ಮಾತ್ರ ಇರುತ್ತದೆ.

ಹಳೆಯ ಕಡತಗಳನ್ನು ತರುವುದು ಬೇಸರದ ಕೆಲಸ, ಎಲ್ಲರೂ ಎಡವುವುದು ಇಲ್ಲಿಯೇ. ಜಿಮೇಲ್ ಖಾತೆಯ ಕಡತದ ಮಾಲೀಕತ್ವವನ್ನು ವರ್ಕ್‌ಸ್ಪೇಸ್ ಖಾತೆಗೆ ನೇರವಾಗಿ ವರ್ಗಾಯಿಸಲು ಬರುವುದಿಲ್ಲ. ದಾರಿ ಪ್ರತಿ ಮಾಡಿಕೊಳ್ಳುವುದು. ಕಾರ್ಯದರ್ಶಿ ತಮ್ಮ ಹೊಸ ಖಾತೆಯಿಂದ ಹಂಚಿದ ಫೋಲ್ಡರನ್ನು ತೆರೆದು, ಕಡತಗಳನ್ನು ಆಯ್ದು Make a copy ಒತ್ತಬೇಕು. ಆ ಪ್ರತಿಗಳ ಮಾಲೀಕರು ಪ್ರತಿ ಮಾಡಿದವರು. ಬಳಿಕ ಪ್ರತಿಗಳನ್ನು Shared drives ಒಳಗೆ ಸರಿಸಬೇಕು. ಪ್ರತಿಯಲ್ಲಿ ಹಳೆಯ ಆವೃತ್ತಿಗಳ ಇತಿಹಾಸ ಬರುವುದಿಲ್ಲ. ಯಾವ ದಿನ ಯಾರು ಯಾವ ಅಂಕಿ ತಿದ್ದಿದರು ಎಂಬುದು ನಿಮ್ಮ ಲೆಕ್ಕಪತ್ರಕ್ಕೆ ಮುಖ್ಯವಾಗಿದ್ದರೆ ಮೂಲ ಕಡತವನ್ನು ಲೆಕ್ಕ ಪರಿಶೋಧನೆ ಮುಗಿಯುವವರೆಗೆ ಅಳಿಸದಂತೆ ಖಜಾಂಚಿಯವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಗೂಗಲ್ ಫಾರ್ಮ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಫಾರ್ಮ್‌ನ ಪ್ರತಿಗೆ ಹೊಸ ಲಿಂಕ್ ಬರುತ್ತದೆ, ಹಳೆಯ ಉತ್ತರಗಳು ಅದರಲ್ಲಿ ಇರುವುದಿಲ್ಲ. ನಿಮ್ಮ ಕರಪತ್ರದಲ್ಲಿ ಮುದ್ರಿಸಿದ ಲಿಂಕ್ ಖಜಾಂಚಿಯವರ ಫಾರ್ಮ್‌ಗೇ ಹೋಗುತ್ತಿರುತ್ತದೆ, ದಾನಿಗಳ ವಿವರ ಅವರ ಖಾತೆಯಲ್ಲೇ ತುಂಬುತ್ತಿರುತ್ತದೆ. ಹಳೆಯ ಫಾರ್ಮನ್ನು ಅವರೇ ಮುಚ್ಚಿ, ಮುಚ್ಚಿದ ಸಂದೇಶದಲ್ಲಿ ಹೊಸ ಲಿಂಕ್ ಬರೆಯಲಿ.

ಇದೆಲ್ಲವೂ ಖಜಾಂಚಿ ಹುದ್ದೆಯಲ್ಲಿರುವಾಗಲೇ, ಅವರೊಂದಿಗೆ ಕುಳಿತು ಆಗಬೇಕು. ಹೋದ ಮೇಲೆ ಅವರ ಸೌಜನ್ಯವನ್ನು ನಂಬಿ ಕೂರಬೇಕಾಗುತ್ತದೆ.

ಮುಂದಿನ ಖಜಾಂಚಿ ಬಿಡುವಾಗ ಹೀಗೆ ಪರದಾಡಬೇಕಿಲ್ಲ. ಆಡಳಿತಗಾರರು `admin.google.com` ತೆರೆದು ಪಾಸ್‌ವರ್ಡ್ ಬದಲಿಸಿ, ಖಾತೆಯನ್ನು ತಡೆಹಿಡಿಯುತ್ತಾರೆ. ನಂತರ My Drive ಕಡತಗಳ ಮಾಲೀಕತ್ವವನ್ನು ಕಾರ್ಯದರ್ಶಿಗೆ ವರ್ಗಾಯಿಸಿ, ಬೇಕಾದ ಮೇಲ್‌ಗಳನ್ನು ಉಳಿಸಿಕೊಂಡು, ಆಮೇಲೆ ಅಳಿಸುತ್ತಾರೆ. ಈ ಕ್ರಮ ತಪ್ಪಬಾರದು. ವರ್ಗಾಯಿಸದೆ ಅಳಿಸಿದರೆ 20 ದಿನಗಳೊಳಗೆ ಮಾತ್ರ ಖಾತೆಯನ್ನು ಮರಳಿ ತರಬಹುದು, ಅನಂತರ ಇಲ್ಲ. ತಡೆಹಿಡಿದ ಖಾತೆಗೂ ಶುಲ್ಕ ತಗಲುತ್ತಲೇ ಇರುತ್ತದೆ ಎಂದು ಅವಸರದಲ್ಲಿ ಅಳಿಸಿದವರನ್ನು ನಾನು ಬಲ್ಲೆ. ಉಳಿಸಿದ್ದು ಒಂದು ತಿಂಗಳ ಶುಲ್ಕ, ಕಳೆದದ್ದು ಒಂದು ವರ್ಷದ ಪತ್ರವ್ಯವಹಾರ. ಖಜಾಂಚಿ ಎಂಬ ಹುದ್ದೆಯ ವಿಳಾಸವನ್ನು ಪ್ರತ್ಯೇಕ ಖಾತೆಯಾಗಿ ಮಾಡದೆ ವ್ಯಕ್ತಿಯ ಖಾತೆಗೆ ಅಡ್ಡಹೆಸರಾಗಿ, ಅಂದರೆ ಅದೇ ಅಂಚೆಪೆಟ್ಟಿಗೆಗೆ ಬರುವ ಇನ್ನೊಂದು ವಿಳಾಸವಾಗಿ, ಜೋಡಿಸಿ. ಒಬ್ಬರಿಗೆ 30ರವರೆಗೆ ಅಡ್ಡಹೆಸರು ಶುಲ್ಕವಿಲ್ಲದೆ ಸಿಗುತ್ತವೆ. ಹುದ್ದೆ ಬದಲಾದಾಗ ಅದನ್ನು ಹೊಸಬರಿಗೆ ಜೋಡಿಸಿದರಾಯಿತು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಪರಮಾಧಿಕಾರದ ಆಡಳಿತ ಖಾತೆ, ಅಂದರೆ ಸೂಪರ್ ಅಡ್ಮಿನ್, ಒಬ್ಬರ ಕೈಯಲ್ಲೇ ಇದ್ದರೆ ಹಳೆಯ ತೊಂದರೆ ಹೊಸ ರೂಪದಲ್ಲಿ ಮರಳಿದಂತೆ. ಅವರು ಯಾರ ಪಾಸ್‌ವರ್ಡನ್ನಾದರೂ ಬದಲಿಸಿ ಒಳಹೋಗಬಲ್ಲರು. ಇಬ್ಬರನ್ನು ನೇಮಿಸಿ, ನೇಮಕವನ್ನು ಸಭೆಯ ನಿರ್ಣಯದಲ್ಲಿ ದಾಖಲಿಸಿ, ಇಬ್ಬರಿಗೂ ಎರಡು ಹಂತದ ದೃಢೀಕರಣ ಕಡ್ಡಾಯವಾಗಲಿ. ಅದರ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಮುದ್ರಿಸಿ ಟ್ರಸ್ಟಿನ ಮೂಲ ದಾಖಲೆಗಳ ಜೊತೆ ಬೀಗದಲ್ಲಿಡಿ. ಕಚೇರಿ ಸಹಾಯಕರಿಗೆ ಪಾಸ್‌ವರ್ಡ್ ಬದಲಿಸಿಕೊಡುವಷ್ಟು ಅಧಿಕಾರ ಬೇಕೆನಿಸಿದರೆ ಅದಕ್ಕೆಂದೇ ಚಿಕ್ಕ ಪಾತ್ರಗಳಿವೆ, ಪರಮಾಧಿಕಾರ ಬೇಕಿಲ್ಲ.

ಪ್ರಶ್ನೆ: ನನ್ನದು ಮನೆಯಿಂದ ನಡೆಸುವ ವ್ಯಾಪಾರ, ಇಬ್ಬರು ಕೆಲಸದವರಿದ್ದಾರೆ. ಮೈಕ್ರೋಸಾಫ್ಟ್ 365 ಫ್ಯಾಮಿಲಿಯಲ್ಲಿ ಆರು ಜನರಿಗೆ ಒಂದೊಂದು ಟೆರಾಬೈಟ್ ಸಿಗುತ್ತದೆ. ಅದೇ ಲಾಭವಲ್ಲವೇ?

ಉತ್ತರ: ಅಲ್ಲ. ಆ ಪ್ಲಾನಿನ ಷರತ್ತುಗಳು ವೈಯಕ್ತಿಕ, ವಾಣಿಜ್ಯೇತರ ಬಳಕೆಗೆ ಎಂದು ಹೇಳುತ್ತವೆ. ಆ ಟೆರಾಬೈಟ್ ನಿಮ್ಮದೂ ಅಲ್ಲ, ಕೆಲಸದವರ ಸ್ವಂತ ಒನ್‌ಡ್ರೈವ್. ಅವರು ಬಿಟ್ಟ ದಿನ ಗ್ರಾಹಕರ ಪಟ್ಟಿಯೂ ಅವರೊಂದಿಗೆ ಹೋಗುತ್ತದೆ. ಮೈಕ್ರೋಸಾಫ್ಟ್‌ನದೇ ಬಿಸಿನೆಸ್ ಬೇಸಿಕ್ ಪ್ಲಾನ್ ನಿಮಗೆ ಸಾಕು, ಕಡತಗಳನ್ನು ಅದರಲ್ಲಿ ಸಂಸ್ಥೆಯದೇ ಹಂಚಿದ ಜಾಗವಾದ ಶೇರ್‌ಪಾಯಿಂಟ್‌ನಲ್ಲಿಡಿ. ಆದೇಶಗಳು ಬರುವ ವಿಳಾಸಕ್ಕೆ ಇನ್ನೊಂದು ಲೈಸೆನ್ಸ್ ಕೊಳ್ಳಬೇಡಿ; 50 ಜಿಬಿವರೆಗಿನ ಹಂಚಿದ ಅಂಚೆಪೆಟ್ಟಿಗೆಗೆ ಲೈಸೆನ್ಸ್ ಬೇಕಿಲ್ಲ.

ಪ್ರಶ್ನೆ: ಒಮ್ಮೆ ಹಣ ಕಟ್ಟಿದರೆ ಜೀವನಪೂರ್ತಿ 5 ಟೆರಾಬೈಟ್ ಕೊಡುತ್ತೇವೆ ಎನ್ನುವವರಿಂದ ಖಾತೆ ಕೊಳ್ಳಬಹುದೇ?

ಉತ್ತರ: ಬೇಡವೇ ಬೇಡ. ಇಂಥವರು ಮಾರುವ ಖಾತೆಗಳು ಬಹುಪಾಲು ಯಾವುದೋ ಸಂಸ್ಥೆಯ ಹೆಸರಿನಲ್ಲಿ ತೆರೆದವು. ಅದರ ಆಡಳಿತಗಾರ ನೀವಲ್ಲ, ಮಾರಿದವನು ಅಥವಾ ಅವನಿಗೂ ತಿಳಿಯದ ಇನ್ನೊಬ್ಬ. ನಾನು ಮೇಲೆ ವಿವರಿಸಿದ ಅಧಿಕಾರವೆಲ್ಲ ನಿಮ್ಮ ಕಡತದ ಮೇಲೆ ಅವನಿಗಿರುತ್ತದೆ: ಪಾಸ್‌ವರ್ಡ್ ಬದಲಿಸಬಲ್ಲ, ಓದಬಲ್ಲ, ಅಳಿಸಬಲ್ಲ. ದೂರು ಕೊಡಲು ಹೋದರೆ ಆ ಖಾತೆ ನಿಮ್ಮದೆಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ಈ ದಂಧೆಯವರು ಸಣ್ಣ ಸಂಸ್ಥೆಗಳನ್ನೇ ಹುಡುಕಿಕೊಂಡು ಬರುತ್ತಾರೆ, ಅದು ನನಗೆ ಸಿಟ್ಟು ತರಿಸುತ್ತದೆ. ಈಗಾಗಲೇ ಕೊಂಡಿದ್ದರೆ ಇಂದೇ ಕಡತಗಳನ್ನು ಇಳಿಸಿಕೊಳ್ಳಿ.

ಪ್ರಶ್ನೆ: ಒಂದೇ ಖಾತೆಯ ಪಾಸ್‌ವರ್ಡನ್ನು ನಾಲ್ವರೂ ಬಳಸುತ್ತೇವೆ, ಇದುವರೆಗೆ ತೊಂದರೆಯಾಗಿಲ್ಲ.

ಉತ್ತರ: ಕಡತ ಅಳಿದ ದಿನ ನಾಲ್ವರಲ್ಲಿ ಯಾರು ಅಳಿಸಿದರೆಂದು ಯಾವ ದಾಖಲೆಯೂ ಹೇಳುವುದಿಲ್ಲ. ನಿಲ್ಲಿಸಿ.

ಪ್ರಶ್ನೆ: ನಾನೊಬ್ಬಳೇ ಕೆಲಸ ಮಾಡುತ್ತೇನೆ. ನನಗೂ ಬಿಸಿನೆಸ್ ಪ್ಲಾನ್ ಬೇಕೇ?

ಉತ್ತರ: ಗೂಗಲ್ ಆದರೆ ಸದ್ಯಕ್ಕೆ ಬೇಡ. ಡೊಮೇನ್ ಮಾತ್ರ ಈಗಲೇ ನಿಮ್ಮ ಹೆಸರಿನಲ್ಲಿ ಕೊಂಡಿಡಿ. ಎರಡನೆಯವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಹಿಂದಿನ ವಾರ ಪ್ಲಾನ್ ಬದಲಿಸಿ, ಅವರು ಬಂದ ಮೇಲಲ್ಲ.